ಕಫದ ಡಬ್ಬಿ ಲ್ಯಾಬ್ ತಲುಪುವವರೆಗೆ

ನಾಳೆಯಿಂದ ನಿಮ್ಮಲ್ಲಿ ಅರ್ಧ ಜನಕ್ಕೆ ಎದೆ ರೋಗದ ವಾರ್ಡಿನಲ್ಲಿ ಡ್ಯೂಟಿ. ಅಲ್ಲಿ ಮೊದಲ ದಿನವೇ ನಿಮ್ಮ ಕೈಗೆ ಬರುವ ಕೆಲಸ ಕಫ ತೆಗೆಸುವುದು. ನೋಡಲು ಬಹಳ ಸುಲಭ. ಡಬ್ಬಿ ಕೊಟ್ಟು 'ಕಫ ಕೊಡಿ' ಅಂದು ಬರುತ್ತೀರಿ, ಅರ್ಧ ಗಂಟೆ ಬಿಟ್ಟು ಹೋಗಿ ಡಬ್ಬಿ ಇಸಿದುಕೊಳ್ಳುತ್ತೀರಿ. ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿ ಹಂತಗಳನ್ನು ಬರೆದಿದ್ದೇನೆ, ಅದನ್ನು ಮನೆಯಲ್ಲಿ ಓದಿಕೊಳ್ಳಿ. ಇವತ್ತು ನಾನು ಹೇಳಬೇಕೆಂದಿರುವುದು ಆ ಹಂತಗಳು ಯಾಕೆ ಹಾಗಿವೆ ಅನ್ನುವುದನ್ನು. ಯಾಕೆ ಅಂತ ಗೊತ್ತಿಲ್ಲದಿದ್ದರೆ, ವಾರ್ಡಿನಲ್ಲಿ ಕೆಲಸ ಜಾಸ್ತಿ ಇದ್ದ ದಿನ ಮೊದಲು ಬಿಟ್ಟುಹೋಗುವುದು ಆ ಹಂತಗಳೇ.

ಟಿಬಿ ಇದೆಯೇ ಅಂತ ನೋಡಲು ಒಂದೇ ಕಫವನ್ನು ನಾವು ಎರಡು ಪರೀಕ್ಷೆಗೆ ಕಳಿಸುತ್ತೇವೆ. ಒಂದು ಎಎಫ್‌ಬಿ ಸ್ಮಿಯರ್, ಇನ್ನೊಂದು ಕಲ್ಚರ್. ಸ್ಮಿಯರ್ ಅಂದರೆ ಕಫವನ್ನು ಸ್ಲೈಡಿಗೆ ಹಚ್ಚಿ, ಬಣ್ಣ ಹಾಕಿ ನೋಡುವುದು. ಟಿಬಿ ಬ್ಯಾಕ್ಟೀರಿಯಾದ ಮೈಮೇಲೆ ಮೇಣದಂಥ ಪದರ ಇರುತ್ತದೆ. ಅದು ಕೆಂಪು ಬಣ್ಣವನ್ನು ಒಮ್ಮೆ ಹಿಡಿದುಕೊಂಡರೆ ಆಸಿಡ್ ಹಾಕಿ ತೊಳೆದರೂ ಬಿಡುವುದಿಲ್ಲ. ಸತ್ತ ಬ್ಯಾಕ್ಟೀರಿಯಾವೂ ಬಿಡುವುದಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಕಲ್ಚರ್ ಹಾಗಲ್ಲ, ಅಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು, ಬೆಳೆಯಬೇಕಾದರೆ ಜೀವಂತವಾಗಿ ಲ್ಯಾಬ್ ತಲುಪಬೇಕು. ಹಾಗಾಗಿ ಸ್ಮಿಯರ್ ಕೆಡುವುದು ಹೆಚ್ಚಾಗಿ ಕಫ ತೆಗೆಸುವಾಗ. ಕಲ್ಚರ್ ತೆಗೆಸುವಾಗಲೂ ಕೆಡಬಹುದು, ದಾರಿಯಲ್ಲೂ ಕೆಡಬಹುದು.

ಮೊದಲು ತೆಗೆಸುವ ವಿಷಯ. ಕಫ ಬೇಕು, ಎಂಜಲು ಬೇಡ ಅಂತ ಎಲ್ಲರೂ ಹೇಳುತ್ತಾರೆ. ಎಂಜಲು ಬಂದರೆ ಏನಾಗುತ್ತದೆ ಅಂತ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಸ್ಲೈಡಿಗೆ ಹಚ್ಚುವುದು ಸುಮಾರು 0.01 ಮಿಲಿ ಕಫ, ಅಂದರೆ ಒಂದು ಮಿಲಿಯ ನೂರನೇ ಒಂದು ಭಾಗ. ಅಷ್ಟನ್ನು ಹರಡಿದಾಗ ಮೈಕ್ರೋಸ್ಕೋಪಿನ ಕಣ್ಣಿಗೆ ಅದು ಸುಮಾರು 10,000 ಫೀಲ್ಡ್ ಆಗುತ್ತದೆ, ಫೀಲ್ಡ್ ಅಂದರೆ ಒಮ್ಮೆಗೆ ಕಾಣುವಷ್ಟು ಜಾಗ. ಲ್ಯಾಬ್ ಟೆಕ್ನಿಷಿಯನ್ ಅದರಲ್ಲಿ ನೋಡುವುದು 100 ಫೀಲ್ಡ್. ಈಗ ನಿಮ್ಮ ರೋಗಿಯ ಕಫದಲ್ಲಿ ಒಂದು ಮಿಲಿಗೆ 10,000 ಬ್ಯಾಕ್ಟೀರಿಯಾ ಇವೆ ಅಂದುಕೊಳ್ಳಿ. ಸ್ಲೈಡಿನ ಮೇಲೆ ಬರುವುದು 100. ಹತ್ತು ಸಾವಿರ ಫೀಲ್ಡಿನಲ್ಲಿ ನೂರು ಅಂದರೆ, ನೂರು ಫೀಲ್ಡಿಗೆ ಒಂದು. ಕಷ್ಟಪಟ್ಟು ಹುಡುಕಿದರೆ ಒಂದು ಸಿಗಬಹುದು. ಅದೇ ಕಫದ ಒಂದು ಪಾಲಿಗೆ ನಾಲ್ಕು ಪಾಲು ಎಂಜಲು ಸೇರಿದೆ ಅಂತಿಟ್ಟುಕೊಳ್ಳಿ. ಈಗ ಸ್ಲೈಡಿನಲ್ಲಿ 20 ಮಾತ್ರ, 500 ಫೀಲ್ಡಿಗೆ ಒಂದು. ಟೆಕ್ನಿಷಿಯನ್ ನಿಯಮದ ಪ್ರಕಾರ 100 ನೋಡಿ, ಕಾಣಲಿಲ್ಲ ಅಂತ ನೆಗೆಟಿವ್ ಬರೆಯುತ್ತಾರೆ. ಅವರದೇನೂ ತಪ್ಪಿಲ್ಲ. ರೋಗಿ ಮನೆಗೆ ಹೋಗುತ್ತಾರೆ, ಮನೆಯಲ್ಲಿ ಮೊಮ್ಮಕ್ಕಳ ಜೊತೆ ಮಲಗುತ್ತಾರೆ. ಸ್ಮಿಯರ್ ಪಾಸಿಟಿವ್ ಬರಬೇಕಾದರೆ ಒಂದು ಮಿಲಿಗೆ 5,000ದಿಂದ 10,000 ಬ್ಯಾಕ್ಟೀರಿಯಾ ಬೇಕು ಅಂತ ಪುಸ್ತಕದಲ್ಲಿ ಓದಿರುತ್ತೀರಲ್ಲ, ಆ ಅಂಕಿಯ ಹಿಂದಿರುವ ಲೆಕ್ಕ ಇದು.

ನಿಜವಾಗಿ ಬ್ಯಾಕ್ಟೀರಿಯಾ ಕಫದಲ್ಲಿ ಹೀಗೆ ಸಮನಾಗಿ ಹರಡಿಕೊಂಡಿರುವುದಿಲ್ಲ. ಹಳದಿ ಬಣ್ಣದ ಗಟ್ಟಿ ಲೋಳೆಯ ತುಣುಕುಗಳಲ್ಲಿ ಗುಂಪಾಗಿ ಇರುತ್ತವೆ. ಟೆಕ್ನಿಷಿಯನ್ ಕಡ್ಡಿಯಲ್ಲಿ ಆ ತುಣುಕನ್ನೇ ಆರಿಸಿ ತೆಗೆಯುತ್ತಾರೆ. ನೀವು ಕೊಟ್ಟ ಡಬ್ಬಿಯಲ್ಲಿ ಅಂಥ ತುಣುಕೇ ಇಲ್ಲದಿದ್ದರೆ ಅವರು ಏನನ್ನು ಆರಿಸಬೇಕು?

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಒಂದು ಅಧ್ಯಯನ ನಡೆಯಿತು, 2007ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿದ್ದು ಇಷ್ಟೇ: ಟಿಬಿ ಸಂಶಯ ಇದ್ದವರಲ್ಲಿ ಅರ್ಧ ಜನಕ್ಕೆ ಕಫ ಹೇಗೆ ತೆಗೆಯಬೇಕು ಅಂತ ಕೂತು ಹೇಳಿಕೊಟ್ಟರು, ಇನ್ನರ್ಧ ಜನಕ್ಕೆ ಎಂದಿನಂತೆ ಡಬ್ಬಿ ಕೊಟ್ಟರು. ಎಂದಿನಂತೆ ಡಬ್ಬಿ ಪಡೆದ ಹೆಂಗಸರಲ್ಲಿ ನೂರಕ್ಕೆ 8 ಜನರ ಸ್ಮಿಯರ್ ಪಾಸಿಟಿವ್ ಬಂತು. ಹೇಳಿಕೊಟ್ಟ ಹೆಂಗಸರಲ್ಲಿ ನೂರಕ್ಕೆ 13. ಹೊಸ ಮಷಿನ್ ಇಲ್ಲ, ಹೊಸ ಔಷಧಿ ಇಲ್ಲ, ಕೆಲವು ನಿಮಿಷದ ಮಾತು ಅಷ್ಟೇ. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಯಾಕಿರಬಹುದು ಅಂತ ನಮ್ಮ ಊರಿನ ಹೆಂಗಸರನ್ನು ನೋಡಿದರೆ ಗೊತ್ತಾಗುತ್ತದೆ. ನಾಲ್ಕು ಜನರ ಎದುರು ಜೋರಾಗಿ ಕೆಮ್ಮಿ ಕ್ಯಾಕರಿಸಿ ಉಗಿಯುವುದು ನಾಚಿಕೆಗೇಡು ಅಂತ ಅವರಿಗೆ ಚಿಕ್ಕಂದಿನಿಂದ ಹೇಳಿರುತ್ತಾರೆ. ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ತುಪ್ಪಿ ಡಬ್ಬಿ ಕೊಡುತ್ತಾರೆ. ಅದರಲ್ಲಿ ಇರುವುದು ಎಂಜಲು. ಹಾಗಾಗಿ ಅವರನ್ನು ಮರೆ ಇರುವ ಜಾಗಕ್ಕೆ ಕರೆದುಕೊಂಡು ಹೋಗಿ. ಗಂಡನೋ ಮಾವನೋ ಜೊತೆಗೆ ಬಂದಿದ್ದರೆ ಸ್ವಲ್ಪ ದೂರ ನಿಲ್ಲಲು ಹೇಳಿ.

ಜಾಗ ಅಂದೆ. ಮರೆ ಇರಬೇಕು, ಆದರೆ ಬಯಲು ಗಾಳಿ ಇರಬೇಕು. ಟಾಯ್ಲೆಟ್ ಒಳಗೆ ಬೇಡ, ವಾರ್ಡಿನ ಮಂಚದ ಮೇಲೆ ಬೇಡ, ಕಾರಿಡಾರಿನಲ್ಲಂತೂ ಬೇಡವೇ ಬೇಡ. ಕೆಮ್ಮಿದಾಗ ಏಳುವ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ತುಂಬ ಹೊತ್ತು ತೇಲುತ್ತಿರುತ್ತವೆ, ಬಯಲಿನಲ್ಲಿ ಗಾಳಿಗೆ ಚದುರಿಹೋಗುತ್ತವೆ. ನೀವು ಎನ್-95 ಹಾಕಿಕೊಂಡು, ಗಾಳಿ ನಿಮ್ಮ ಕಡೆಯಿಂದ ಅವರ ಕಡೆಗೆ ಬೀಸುವ ಹಾಗೆ ನಿಂತುಕೊಳ್ಳಿ. ಎದುರಿಗೆ ನಿಂತು ಕೆಮ್ಮಿಸಬೇಡಿ.

ಹೇಳಿಕೊಡುವುದು ಹೇಗೆ? ನಾನು ಹೇಳುವ ಮಾತನ್ನೇ ಹೇಳುತ್ತೇನೆ. 'ಅಮ್ಮಾ, ಮೊದಲು ಬಾಯಿ ಮುಕ್ಕಳಿಸಿ ಉಗಿದುಬಿಡಿ. ಈಗ ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಸ್ವಲ್ಪ ಹಿಡಿದುಕೊಳ್ಳಿ, ಬಿಡಿ. ಇನ್ನೊಂದು ಸಲ. ಮೂರನೇ ಸಲ ಎಳೆದುಕೊಂಡ ಮೇಲೆ ಹೊಟ್ಟೆಯಿಂದ ಕೆಮ್ಮಿ, ಗಂಟಲಿನಿಂದ ಅಲ್ಲ. ಬಂದದ್ದನ್ನು ಡಬ್ಬಿಗೆ ಹಾಕಿ.' ಒಂದು ಕೈಯನ್ನು ಅವರೇ ಹೊಟ್ಟೆಯ ಮೇಲೆ ಇಟ್ಟುಕೊಳ್ಳಲಿ, ಹೊಟ್ಟೆ ಎಳೆದುಕೊಂಡರೆ ಕೆಮ್ಮು ಸರಿಯಾಗಿ ಬರುತ್ತಿದೆ ಅಂತ ಅರ್ಥ. ನೀವೇ ಒಮ್ಮೆ ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು. ತುಟಿಯ ಹತ್ತಿರ ಹಿಡಿಯಲಿ, ಡಬ್ಬಿಯ ಹೊರಗೆ ಬೀಳಬಾರದು, ಒಳಗೆ ಬೆರಳು ತಾಗಬಾರದು. ಬಿಗಿಯಾಗಿ ಮುಚ್ಚಳ ಹಾಕಿ, ಆಮೇಲೆ ಕೈ ತೊಳೆದುಕೊಳ್ಳಲಿ.

ಬಾಯಿ ಮುಕ್ಕಳಿಸುವುದರ ಬಗ್ಗೆ ಎರಡು ಮಾತು. ಎಲೆ ಅಡಿಕೆ, ಗುಟ್ಕಾ, ತಿಂಡಿಯ ಚೂರು ಹೋಗಲಿ ಅಂತ ಮುಕ್ಕಳಿಸುವುದು. ಬಾಯಿ ತೊಳೆಯುವ ಔಷಧಿ, ಟೂತ್‌ಪೇಸ್ಟ್ ಬೇಡ, ಅವು ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು. ನೀರು ಕಾಯಿಸಿ ಆರಿಸಿದ್ದಾದರೆ ಒಳ್ಳೆಯದು. ನಲ್ಲಿ ನೀರಿನಲ್ಲಿ ಟಿಬಿ ಬ್ಯಾಕ್ಟೀರಿಯಾದ ದೂರದ ಬಳಗದವು ಇರುತ್ತವೆ, ರೋಗ ತರುವುದು ಕಡಿಮೆ, ಆದರೆ ಸ್ಲೈಡಿನಲ್ಲಿ ಅವೂ ಕೆಂಪಗೆ ಕಾಣುತ್ತವೆ. ಹಾಗಾಗಿ ಮುಕ್ಕಳಿಸಿದ ನೀರು ಪೂರ್ತಿ ಉಗಿದ ಮೇಲೆಯೇ ಡಬ್ಬಿ ಕೈಗೆ ಕೊಡಿ.

ಡಬ್ಬಿ ವಾಪಸ್ ಬಂದ ಕೂಡಲೇ, ಮುಚ್ಚಳ ತೆಗೆಯದೆ, ಹೊರಗಿನಿಂದ ಬೆಳಕಿಗೆ ಹಿಡಿದು ನೋಡಿ. ಲೋಳೆ ಲೋಳೆಯಾಗಿ, ಗಟ್ಟಿಯಾಗಿ, ಹಳದಿಯೋ ಬಿಳಿಯೋ ಇದ್ದರೆ ಕಫ. ನೀರಿನ ಹಾಗೆ, ಮೇಲೆ ನೊರೆ ಇದ್ದರೆ ಎಂಜಲು. 2 ಮಿಲಿಗಿಂತ ಕಡಿಮೆ ಇರಬಾರದು, ಕಲ್ಚರಿಗೆ 5 ಮಿಲಿ ಸಿಕ್ಕರೆ ಬಹಳ ಒಳ್ಳೆಯದು. ಎಂಜಲು ಬಂದಿದ್ದರೆ ರೋಗಿ ಎದುರಿಗೆ ಇರುವಾಗಲೇ ಇನ್ನೊಂದು ಸಲ ಪ್ರಯತ್ನ ಮಾಡಿಸಿ, ಬೈಯಬೇಡಿ. ಮತ್ತೂ ಬರದಿದ್ದರೆ ಬಂದದ್ದನ್ನು ಬಿಸಾಡಬೇಡಿ. ಎಂಜಲಿನಂತೆ ಕಂಡ ಸ್ಯಾಂಪಲ್ಲಿನಲ್ಲೂ ಕೆಲವೊಮ್ಮೆ ಟಿಬಿ ಸಿಗುತ್ತದೆ. ಕಳಿಸಿ, ಜೊತೆಗೆ ಬೆಳಗಿನದು ತಪ್ಪದೆ ತರಿಸಿ.

ಬೆಳಗಿನದು ಯಾಕೆ ಅಂದರೆ, ರಾತ್ರಿಯಿಡೀ ಎದೆಯಲ್ಲಿ ಸೇರಿಕೊಂಡದ್ದು ಎದ್ದ ಕೂಡಲೇ ಕೆಮ್ಮಿದಾಗ ಬರುತ್ತದೆ. ನಮ್ಮಲ್ಲಿ ಎರಡು ಸ್ಯಾಂಪಲ್: ಬಂದ ದಿನ ಅಲ್ಲೇ ತೆಗೆಸುವುದು ಒಂದು, ಮರುದಿನ ಬೆಳಿಗ್ಗೆ ಮನೆಯಿಂದ ತರುವುದು ಒಂದು. ತುಂಬಾ ದೂರದಿಂದ ಬಂದವರು, ಮರುದಿನ ಬರುವುದು ಕಷ್ಟ ಅಂದರೆ, ಒಂದು ಗಂಟೆ ಅಂತರದಲ್ಲಿ ಅಲ್ಲೇ ಎರಡು ತೆಗೆಸುತ್ತೇವೆ. ಒಂದು ದಿನ ಪೂರ್ತಿ ಒಂದೇ ಡಬ್ಬಿಗೆ ಉಗಿಸಿ ಸೇರಿಸುವ ಪದ್ಧತಿ ಬೇಡ, ಅದು ಯಾಕೆ ಅಂತ ಈಗ ಹೇಳುವ ಕತೆಯಲ್ಲಿ ಗೊತ್ತಾಗುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ನಾನಾಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಒಬ್ಬರು ಬರುತ್ತಿದ್ದರು, ಗಾರೆ ಕೆಲಸದವರು, ನಲವತ್ತರ ಆಸುಪಾಸು. ಟಿಬಿ ಮಾತ್ರೆ ಶುರು ಮಾಡಿ ಎರಡು ತಿಂಗಳಾಗಿತ್ತು. ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ, ಮಾತ್ರೆಯ ಖಾಲಿ ಹಾಳೆಗಳನ್ನು ಜೋಡಿಸಿ ತಂದು ತೋರಿಸುತ್ತಿದ್ದರು. ಆದರೂ ಎರಡು ತಿಂಗಳ ಸ್ಮಿಯರ್ ಪಾಸಿಟಿವ್ ಬಂತು. ಈಗ ಪ್ರಶ್ನೆ ಏನು? ಸತ್ತ ಬ್ಯಾಕ್ಟೀರಿಯಾವೂ ಸ್ಲೈಡಿನಲ್ಲಿ ಕೆಂಪಗೆ ಕಾಣುತ್ತದೆ ಅಂತ ಆಗಲೇ ಹೇಳಿದೆನಲ್ಲ. ಮಾತ್ರೆ ಕೆಲಸ ಮಾಡಿ ಸತ್ತದ್ದು ಹೊರಗೆ ಬರುತ್ತಿದೆಯೋ, ಅಥವಾ ಮಾತ್ರೆಗೆ ಬಗ್ಗದೆ ಬದುಕಿದ್ದು ಬರುತ್ತಿದೆಯೋ? ಸ್ಮಿಯರ್ ಇದಕ್ಕೆ ಉತ್ತರ ಕೊಡುವುದಿಲ್ಲ. ಕಲ್ಚರ್ ಮಾತ್ರ ಕೊಡುತ್ತದೆ. ಬದುಕಿದ್ದರೆ ಬೆಳೆಯುತ್ತದೆ, ಬೆಳೆದದ್ದರ ಮೇಲೆ ಯಾವ ಔಷಧಿ ನಡೆಯುತ್ತದೆ ಅಂತ ನೋಡಬಹುದು. ಈಗ ಸಿಬಿನ್ಯಾಟ್, ಟ್ರೂನ್ಯಾಟ್ ಅನ್ನುವ ಪರೀಕ್ಷೆಗಳು ಬಂದಿವೆ, ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿ ನಡೆಯುತ್ತದೋ ಇಲ್ಲವೋ ಅಂತ ಕೆಲವು ಗಂಟೆಯಲ್ಲಿ ಹೇಳುತ್ತವೆ. ಆದರೆ ಅವು ಹುಡುಕುವುದು ಡಿಎನ್‌ಎ, ಅದು ಸತ್ತದ್ದರಲ್ಲೂ ಇರುತ್ತದೆ. ಚಿಕಿತ್ಸೆಯ ನಡುವೆ ಬದುಕಿದೆಯೋ ಸತ್ತಿದೆಯೋ ಅಂತ ತಿಳಿಯಲು ಇವತ್ತಿಗೂ ಕಲ್ಚರೇ ಬೇಕು.

ಅವರ ಕಫ ತೆಗೆಸಿದ್ದು ಶನಿವಾರ ಸಂಜೆ 4 ಗಂಟೆಗೆ. ಒಳ್ಳೆಯ ಕಫ, 4 ಮಿಲಿಯಷ್ಟು, ಹಳದಿ ಲೋಳೆ. ಡ್ಯೂಟಿಯಲ್ಲಿ ಇದ್ದವಳು ನಾನೇ. ಕಲ್ಚರ್ ಲ್ಯಾಬ್ ಬೇರೆ ಊರಲ್ಲಿ, ಸ್ಯಾಂಪಲ್ ಒಯ್ಯುವವರು ಮೂರು ಗಂಟೆಗೇ ಹೋಗಿಬಿಟ್ಟಿದ್ದರು. ನಾನು ಕಫದ ಟ್ಯೂಬನ್ನು ನರ್ಸಿಂಗ್ ಸ್ಟೇಷನ್ನಿನ ಕಿಟಕಿ ಕಟ್ಟೆಯ ಮೇಲೆ ನಿಲ್ಲಿಸಿ, ಫಾರ್ಮ್ ಬರೆಯಲು ಕೂತೆ. ಅಷ್ಟರಲ್ಲಿ ಎಮರ್ಜೆನ್ಸಿ ಒಂದು ಬಂತು. ಹ್ಯಾಂಡ್‌ಓವರ್ ಪುಸ್ತಕದಲ್ಲಿ ಅದರ ಬಗ್ಗೆ ಬರೆಯಲಿಲ್ಲ. ಭಾನುವಾರವೆಲ್ಲ ಟ್ಯೂಬು ಅಲ್ಲೇ ಇತ್ತು. ಸೋಮವಾರ ಬೆಳಿಗ್ಗೆ ಬಂದು ನೋಡಿ ಕಳಿಸಿದೆವು, ಮಂಗಳವಾರ ತಲುಪಿತು. ಅದು ಏಪ್ರಿಲ್ ತಿಂಗಳು.

ಆ ಎರಡು ದಿನದಲ್ಲಿ ಟ್ಯೂಬಿನ ಒಳಗೆ ಏನಾಯಿತು ಅಂತ ಕೇಳಿ. ಟಿಬಿ ಬ್ಯಾಕ್ಟೀರಿಯಾ ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಬಾಯಿಂದ ಕಫದ ಜೊತೆ ಬಂದ ಬೇರೆ ಬ್ಯಾಕ್ಟೀರಿಯಾಗಳಿಗೆ, ಬೆಚ್ಚಗಿನ ಜಾಗ ಸಿಕ್ಕರೆ, ಅರ್ಧ ಗಂಟೆಯೂ ಬೇಡ. ಟಿಬಿ ಒಂದು ಎರಡಾಗುವಷ್ಟರಲ್ಲಿ ಅವು ಲಕ್ಷಗಟ್ಟಲೆ ಆಗಿರುತ್ತವೆ. ಲ್ಯಾಬಿನವರು ಕಲ್ಚರಿಗೆ ಹಾಕುವ ಮೊದಲು ಸೋಡಿಯಂ ಹೈಡ್ರಾಕ್ಸೈಡ್ ಅನ್ನುವ ಕ್ಷಾರ ಹಾಕಿ ಈ ಬೇರೆಯವನ್ನು ಕೊಲ್ಲುತ್ತಾರೆ. ಟಿಬಿಗೆ ಮೇಣದ ಪದರ ಇರುವುದರಿಂದ ಅದು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಪೂರ್ತಿ ಅಲ್ಲ, ಅದರಲ್ಲೂ ಒಂದಷ್ಟು ಸಾಯುತ್ತವೆ. ಬೇರೆ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿದ್ದರೆ ಕ್ಷಾರ ಹಾಕಿದರೂ ಕೆಲವು ಉಳಿದುಬಿಡುತ್ತವೆ. ಕ್ಷಾರ ಜಾಸ್ತಿ ಹಾಕೋಣ ಅಂದರೆ ಟಿಬಿಯೇ ಸಾಯುತ್ತದೆ. ಲ್ಯಾಬಿನವರ ಕೈ ಕಟ್ಟಿಹಾಕಿದ ಹಾಗೆ.

ಆ ಸ್ಯಾಂಪಲ್ಲಿನ ಟ್ಯೂಬು ಲ್ಯಾಬಿನ ಮಷಿನಿನಲ್ಲಿ ಮೂರನೇ ದಿನಕ್ಕೇ ಪಾಸಿಟಿವ್ ಅಂತ ತೋರಿಸಿತಂತೆ. ಟಿಬಿ ಇಷ್ಟು ಬೇಗ ಬೆಳೆಯುವುದು ಅಪರೂಪ, ಹಾಗಾಗಿ ಅವರಿಗೆ ಆಗಲೇ ಸಂಶಯ. ಸ್ಲೈಡ್ ಮಾಡಿ ನೋಡಿದರೆ ಎಲ್ಲಾ ಬೇರೆ ಬ್ಯಾಕ್ಟೀರಿಯಾ. ರಿಪೋರ್ಟ್ ಬಂತು: ಕಂಟಾಮಿನೇಟೆಡ್. ನಾವು ಮತ್ತೆ ಕಫ ಬೇಕು ಅಂತ ಫೋನ್ ಮಾಡಿದರೆ ಅವರು ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಬಂದದ್ದು ಮೂರು ವಾರ ಬಿಟ್ಟು. ಎರಡನೇ ಸ್ಯಾಂಪಲ್ ತೆಗೆಸಿ ಕೂಡಲೇ ತಂಪಿನಲ್ಲಿಟ್ಟು ಮರುದಿನವೇ ಮುಟ್ಟಿಸಿದೆವು. ಎರಡು ವಾರಕ್ಕೆ ಟಿಬಿ ಬೆಳೆಯಿತು, ಬದುಕಿತ್ತು. ಅವರು ನುಂಗುತ್ತಿದ್ದ ಔಷಧಿಗಳಲ್ಲಿ ಐಸೋನಿಯಾಜಿಡ್ ನಡೆಯುತ್ತಿಲ್ಲ ಅಂತ ಆಮೇಲೆ ತಿಳಿಯಿತು. ಮಾತ್ರೆ ಬದಲಾಯಿಸಿದರು, ಗುಣವಾದರು. ಆದರೆ ಅಷ್ಟು ವಾರ ಅವರು ಶ್ರದ್ಧೆಯಿಂದ ನುಂಗಿದ ಮಾತ್ರೆಗಳಲ್ಲಿ ಒಂದು ಕೆಲಸಕ್ಕೆ ಬರುತ್ತಿರಲಿಲ್ಲ.

ಇದರಲ್ಲಿ ಮಾಡಬೇಕಾಗಿದ್ದದ್ದು ಏನು? ಕಫವನ್ನು ಕೂಡಲೇ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಬೇಕಿತ್ತು. ಆ ತಂಪಿನಲ್ಲಿ ಬೇರೆ ಬ್ಯಾಕ್ಟೀರಿಯಾ ಬೆಳೆಯುವುದು ಹತ್ತಿರಹತ್ತಿರ ನಿಂತೇ ಹೋಗುತ್ತದೆ, ಟಿಬಿ ಕೆಲವು ದಿನ ಸುಮ್ನೆ ತಡೆದುಕೊಂಡಿರುತ್ತದೆ. ಸ್ಯಾಂಪಲ್ಲಿಗೆ ಅಂತಲೇ ಇರುವ ಫ್ರಿಜ್ ಆಗಿರಬೇಕು, ಲಸಿಕೆಯದ್ದೂ ಅಲ್ಲ, ನಿಮ್ಮ ಊಟದ ಡಬ್ಬಿ ಇಡುವುದಂತೂ ಅಲ್ಲ. ಫ್ರೀಜರಿನಲ್ಲಿ ಇಡಬೇಡಿ. ಇನ್ನೊಂದು, ಕಿಟಕಿ ಕಟ್ಟೆ. ಬಿಸಿಲು ಬಿದ್ದರೆ ಟಿಬಿ ಬ್ಯಾಕ್ಟೀರಿಯಾ ಸಾಯುತ್ತದೆ. ಆಗ ಸ್ಮಿಯರ್ ಪಾಸಿಟಿವ್ ಬಂದು ಕಲ್ಚರಿನಲ್ಲಿ ಏನೂ ಬೆಳೆಯದೆ ಇರಬಹುದು, ಡಾಕ್ಟರು 'ಸತ್ತ ಬ್ಯಾಕ್ಟೀರಿಯಾ, ಚಿಕಿತ್ಸೆ ಸರಿಯಾಗಿದೆ' ಅಂದುಕೊಳ್ಳಬಹುದು. ಇದು ಕಂಟಾಮಿನೇಟೆಡ್ ಅನ್ನುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ತಪ್ಪಾಗಿದೆ ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ. ಇಡೀ ದಿನದ ಕಫ ಒಂದೇ ಡಬ್ಬಿಗೆ ಸೇರಿಸುವುದು ಬೇಡ ಅಂದದ್ದು ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ, ಅಲ್ವಾ?

ಕೆಲವು ಕಡೆ ತಂಪು ಸಿಗದಾಗ ಸಿಪಿಸಿ ಅನ್ನುವ ದ್ರಾವಣ ಹಾಕಿದ ಟ್ಯೂಬು ಕೊಡುತ್ತಿದ್ದರು. ಅಂಥದ್ದು ನಿಮ್ಮ ಕೈಗೆ ಬಂದರೆ ನಿಯಮ ಉಲ್ಟಾ, ಫ್ರಿಜ್ಜಿನಲ್ಲಿ ಇಡಬಾರದು, ತಣ್ಣಗಾದರೆ ಅದು ಹರಳುಗಟ್ಟಿ ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾವನ್ನು ದ್ರವ ಮಾಧ್ಯಮದಲ್ಲಿ ಬೆಳೆಸುವ ಕಲ್ಚರಿಗೆ ಅದು ಆಗಿಬರುವುದೂ ಇಲ್ಲ. ಹಾಗಾಗಿ ಟ್ಯೂಬಿನಲ್ಲಿ ಮೊದಲೇ ಏನಾದರೂ ದ್ರವ ಇದ್ದರೆ ಲ್ಯಾಬಿಗೆ ಕೇಳಿಯೇ ಬಳಸಿ. ಫಾರ್ಮಲಿನ್ ಮಾತ್ರ ಯಾವತ್ತೂ ಬೇಡ.

ಈಗ ಪ್ಯಾಕಿಂಗ್. ಕಲ್ಚರಿಗೆ 50 ಮಿಲಿಯ ಫಾಲ್ಕನ್ ಟ್ಯೂಬು, ತಳ ಚೂಪಾಗಿ, ತಿರುಗಿಸುವ ಮುಚ್ಚಳ ಇರುವುದು. ರೋಗಿಯ ಕೈಗೆ ಕೊಡುವ ಮೊದಲೇ ಹೆಸರು, ವಯಸ್ಸು, ಟಿಬಿ ರೋಗಿಗೆ ಸರ್ಕಾರದ ದಾಖಲೆಯಲ್ಲಿ ಕೊಡುವ ನಿಕ್ಷಯ್ ಐಡಿ, ತಾರೀಖು ಬರೆಯಿರಿ, ತೆಗೆಸಿದ ಮೇಲೆ ಸಮಯ ಸೇರಿಸಿ. ಬರೆಯುವುದು ಟ್ಯೂಬಿನ ಮೈಮೇಲೆ. ಮುಚ್ಚಳದ ಮೇಲೆ ಬರೆದರೆ, ಲ್ಯಾಬಿನಲ್ಲಿ ಮುಚ್ಚಳ ತೆಗೆದ ಕ್ಷಣ ಹೆಸರು ಒಂದು ಕಡೆ, ಕಫ ಇನ್ನೊಂದು ಕಡೆ. ಮುಚ್ಚಳ ಓರೆಯಾಗಿ ಕೂತರೆ ಬಿಗಿಯಾದ ಹಾಗೆ ಅನಿಸುತ್ತದೆ, ಆದರೆ ಸೋರುತ್ತದೆ. ಒಮ್ಮೆ ತಿರುಗಿಸಿ ಬಿಚ್ಚದೆ ನೇರವಾಗಿದೆಯಾ ಅಂತ ಕಣ್ಣಿನಿಂದ ನೋಡಿ. ಟ್ಯೂಬಿನ ಸುತ್ತ ಹತ್ತಿ ಅಥವಾ ಹೀರುವ ಕಾಗದ ಸುತ್ತಿ, ಸೋರದ ಎರಡನೇ ಚೀಲದಲ್ಲಿ ಹಾಕಿ, ಗಟ್ಟಿ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕಿನ ನಡುವೆ ನೆಟ್ಟಗೆ ನಿಲ್ಲಿಸಿ. ಬರೀ ಐಸ್ ತುಂಡು ಹಾಕಿದರೆ ಕರಗಿ ನೀರಾಗಿ ಲೇಬಲ್ ಅಳಿಸಿಹೋಗುತ್ತದೆ. ಫಾರ್ಮನ್ನು ಟ್ಯೂಬಿಗೆ ಸುತ್ತಬೇಡಿ, ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಅದೇ ದಿನ ಅಥವಾ ಮರುದಿನ ತಲುಪಲಿ, ಏನೇ ಆದರೂ ಮೂರು ದಿನ ದಾಟಬಾರದು.

ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ, ನ್ಯುಮೋನಿಯಾಕ್ಕೆ ಕಳಿಸುವ ಸಾಮಾನ್ಯ ಕಲ್ಚರಿಗೂ ಇದೇ ನಿಯಮವಾ ಅಂತ. ತೆಗೆಸುವ ರೀತಿ ಇದೇ. ಸಮಯ ಬೇರೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬಹಳ ಸೂಕ್ಷ್ಮ, ಬೇಗ ಸಾಯುತ್ತದೆ, ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಆಂಟಿಬಯಾಟಿಕ್‌ನ ಮೊದಲ ಡೋಸಿಗೆ ಮುಂಚೆ ತೆಗೆಸಬೇಕು, ಆದರೆ ತುಂಬಾ ಸೀರಿಯಸ್ ಇದ್ದವರಿಗೆ ಕಫ ಬರಲಿಲ್ಲ ಅಂತ ಔಷಧಿ ತಡಮಾಡಬೇಡಿ. ಆ ಲ್ಯಾಬಿನವರು ಸ್ಲೈಡಿನಲ್ಲಿ ಬಾಯಿಯ ಜೀವಕೋಶ ಜಾಸ್ತಿ ಕಂಡರೆ ಎಂಜಲು ಅಂತ ವಾಪಸ್ ಕಳಿಸುತ್ತಾರೆ, ಟಿಬಿ ಲ್ಯಾಬಿನವರು ಆ ಕಾರಣಕ್ಕೆ ವಾಪಸ್ ಕಳಿಸುವುದಿಲ್ಲ. ಇನ್ನೊಂದು ಸಂದರ್ಭ: ಕಫವೇ ಬರದವರಿಗೆ ಶೇಕಡಾ 3ರ ಉಪ್ಪುನೀರಿನ ನೆಬುಲೈಸೇಷನ್ ಕೊಟ್ಟು ತೆಗೆಸುತ್ತಾರೆ. ಅದು ನೋಡಲು ಎಂಜಲಿನ ಹಾಗೆಯೇ ತೆಳ್ಳಗಿರುತ್ತದೆ. ಫಾರ್ಮಿನಲ್ಲಿ 'ಇಂಡ್ಯೂಸ್ಡ್' ಅಂತ ಬರೆಯದಿದ್ದರೆ ಯಾರಾದರೂ ಬಿಸಾಡಿಬಿಟ್ಟಾರು.

ಕೊನೆಗೆ ರಿಪೋರ್ಟ್. ದ್ರವ ಮಾಧ್ಯಮದಲ್ಲಿ 42 ದಿನ ನೋಡಿದ ಮೇಲೆಯೇ ನೆಗೆಟಿವ್ ಅನ್ನುತ್ತಾರೆ, ಎಲ್‌ಜೆ ಅನ್ನುವ ಗಟ್ಟಿ ಮಾಧ್ಯಮದಲ್ಲಿ 8 ವಾರ. ಕಾಯಬೇಕಾಗುತ್ತದೆ ಅಂತ ರೋಗಿಗೆ ಮೊದಲೇ ಹೇಳಿ. ಆದರೆ 'ಕಂಟಾಮಿನೇಟೆಡ್' ಅಂತ ಬಂದರೆ ಅದನ್ನು ನೆಗೆಟಿವ್ ಅಂತ ಫೈಲಿಗೆ ಹಾಕಬೇಡಿ, ಅದು ಉತ್ತರವೇ ಅಲ್ಲ. ಅವತ್ತೇ ರೋಗಿಗೆ ಫೋನ್ ಮಾಡಿ, ಊರಲ್ಲಿ ಇಲ್ಲದಿದ್ದರೆ ಎಲ್ಲಿದ್ದಾರೆ ಅಂತ ಕೇಳಿ, ಅಲ್ಲಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಕೊಡಲು ಹೇಳಿ. ನಿಕ್ಷಯ್ ಐಡಿ ದೇಶಕ್ಕೆಲ್ಲ ಒಂದೇ, ಅದನ್ನು ತೋರಿಸಿದರೆ ಅಲ್ಲಿಂದಲೇ ಕಳಿಸಲು ಆಗುತ್ತದೆ. ಆ ಗಾರೆ ಕೆಲಸದವರಿಗೆ ನಾವು ಹೀಗೆ ಹೇಳಿದ್ದಿದ್ದರೆ ಆ ಮೂರು ವಾರ ಉಳಿಯುತ್ತಿತ್ತು.